ಡ್ಯಾಶ್‌ಬೋರ್ಡ್‌ನಲ್ಲಿ 412, ಅಕೌಂಟ್ಸ್‌ನಲ್ಲಿ 358: ಮ್ಯಾನೇಜರ್‌ಗೆ ಮೇಲ್ ಬರೆಯುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಪುಡಿಯ ಹೋಲ್‌ಸೇಲ್ ಕಂಪನಿಯೊಂದರಲ್ಲಿ ಡೇಟಾ ನೋಡಿಕೊಳ್ಳುತ್ತೇನೆ. ನಮ್ಮ ಗ್ರಾಹಕರು ಹೋಟೆಲ್‌ನವರು, ಅಂಗಡಿಯವರು, ಹೋಮ್‌ಸ್ಟೇಯವರು. ಮೂಡಿಗೆರೆ, ಸಕಲೇಶಪುರ, ಹಾಸನದ ತನಕ ಮಾಲು ಹೋಗುತ್ತದೆ. ಆರ್ಡರ್ ಆ್ಯಪ್‌ನಲ್ಲಿ ಬರುತ್ತದೆ, ಬಿಲ್ ಟ್ಯಾಲಿಯಲ್ಲಿ ಆಗುತ್ತದೆ. 2025ರ ಮಾರ್ಚ್ ಮುಗಿದಾಗ ಡ್ಯಾಶ್‌ಬೋರ್ಡ್ 412 ಗ್ರಾಹಕರು ಅಂತ ತೋರಿಸಿತು. ಅಕೌಂಟ್ಸ್ ವರದಿಯಲ್ಲಿ 358 ಇತ್ತು. ಮ್ಯಾನೇಜರ್ ಸರ್ ಕೇಳಿದ್ದು ಒಂದೇ ಸಾಲು: "ಯಾವುದು ಸರಿ?"

ಅದಕ್ಕೆ ಉತ್ತರ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ಆಮೇಲೆ ಇದೇ ಕೆಲಸ ಮಾಡುವ ಗೆಳೆಯರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕಂಪನಿಯ ಗುಟ್ಟು ಹೊರಗೆ ಹೋಗಬಾರದು ಅಂತ ಅಂಕಿಗಳನ್ನು ಬದಲಿಸಿದ್ದೇನೆ. ಕಾರಣಗಳು ಹಾಗೇ ಇವೆ.

ಮೇಲ್ ಬರೆಯಲು ಕೂರುವ ಮುಂಚೆ ಮೊದಲು ಏನು ಮಾಡಬೇಕು?

ಎರಡೂ ಕಡೆಯ ಹೆಸರಿನ ಪಟ್ಟಿ ತೆಗೆದುಕೊಳ್ಳಿ. ಬರೀ 412 ಮತ್ತು 358 ಇಟ್ಟುಕೊಂಡು ಎಷ್ಟು ಯೋಚಿಸಿದರೂ ಏನೂ ಗೊತ್ತಾಗುವುದಿಲ್ಲ. 412 ಹೆಸರು ಒಂದು ಶೀಟ್‌ನಲ್ಲಿ, 358 ಹೆಸರು ಇನ್ನೊಂದು ಶೀಟ್‌ನಲ್ಲಿ ಇರಬೇಕು.

ಅಕೌಂಟ್ಸ್‌ನವರ ಹತ್ತಿರ ಕೂತು, ಅವರು ಯಾವ ವರದಿಯಿಂದ ಎಣಿಸಿದರು ಅಂತಲೂ ಕೇಳಿ. ಇದು ಮುಖ್ಯ. ಸೇಲ್ಸ್ ರಿಜಿಸ್ಟರ್‌ನಿಂದ ಎಣಿಸಿದರೆ ಆ ತಿಂಗಳು ಬಿಲ್ ಆದ ಪಾರ್ಟಿಗಳು ಸಿಗುತ್ತಾರೆ. ಸಂಡ್ರಿ ಡೆಟರ್ಸ್ ಪಟ್ಟಿಯಿಂದ ಎಣಿಸಿದರೆ ಬಾಕಿ ಇರುವ ಪಾರ್ಟಿಗಳು ಸಿಗುತ್ತಾರೆ. ಆರು ತಿಂಗಳಿಂದ ಒಂದು ಕೆಜಿಯೂ ತಗೊಳ್ಳದೆ ಹಳೇ ಬಾಕಿ ಇಟ್ಟುಕೊಂಡವರು ಅದರಲ್ಲಿ ಇರುತ್ತಾರೆ. ಅಲ್ಲೇ ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡಿದವರು ಇರುವುದಿಲ್ಲ. ನಮ್ಮಲ್ಲಿ ಸೇಲ್ಸ್ ರಿಜಿಸ್ಟರ್‌ನಿಂದಲೇ ಎಣಿಸಿದ್ದರು. ಹಾಗಾಗಿ 358 ಅಂದರೆ ಮಾರ್ಚ್‌ನಲ್ಲಿ ಕನಿಷ್ಠ ಒಂದು ಬಿಲ್ ಆದ ಪಾರ್ಟಿಗಳು.

ನಮ್ಮ ಡ್ಯಾಶ್‌ಬೋರ್ಡ್‌ನ ಹಿಂದೆ ಇದ್ದದ್ದು ಇಷ್ಟೇ:

```sql
SELECT COUNT(DISTINCT customer_id)
FROM orders
WHERE order_ts >= '2025-03-01'
  AND order_ts <  '2025-04-01';
```

ಇದನ್ನು ಕನ್ನಡದಲ್ಲಿ ಓದಿ ನೋಡಿ: ಮಾರ್ಚ್‌ನಲ್ಲಿ ಆರ್ಡರ್ ಹಾಕಿದ ಬೇರೆ ಬೇರೆ ಐಡಿಗಳು ಎಷ್ಟು? ಬಿಲ್ ಆಯಿತಾ, ಮಾಲು ಹೋಯಿತಾ ಅಂತ ಇದು ನೋಡುವುದೇ ಇಲ್ಲ. ಎರಡೂ ಅಂಕಿಯ ಮೇಲೆ "ಗ್ರಾಹಕರು" ಅಂತ ಬರೆದಿದ್ದೆವು. ಆದರೆ ಎರಡೂ ಎಣಿಸುತ್ತಿದ್ದದ್ದು ಬೇರೆ ಬೇರೆ.

ಹಾಗಾದರೆ ಇದು ಬರೀ ಅರ್ಥದ ವ್ಯತ್ಯಾಸ ಅಂತ ಬರೆದುಬಿಡಬಹುದಾ?

ನಾನೂ ಮೊದಲು ಹಾಗೇ ಬರೆದೆ. ಸರ್ ಒಪ್ಪಲಿಲ್ಲ, ಮತ್ತು ಒಪ್ಪದೇ ಇದ್ದದ್ದು ಸರಿ. ಅರ್ಥದ ವ್ಯತ್ಯಾಸದ ಜೊತೆಗೆ ನಿಜವಾದ ತಪ್ಪುಗಳೂ ಸೇರಿಕೊಂಡಿದ್ದವು. ಎರಡನ್ನೂ ಬೇರೆ ಮಾಡಿ ತೋರಿಸದೇ ಹೋದರೆ ತಪ್ಪುಗಳು "ಅರ್ಥದ ವ್ಯತ್ಯಾಸ" ಅನ್ನುವ ಹೆಸರಿನ ಅಡಿಯಲ್ಲಿ ಹಾಗೇ ಉಳಿದುಬಿಡುತ್ತವೆ.

ಅದಕ್ಕೆ 412ರಿಂದ ಶುರು ಮಾಡಿ, ಒಂದೊಂದೇ ಕಾರಣಕ್ಕೆ ಕಳೆದು ಕೂಡಿಸಿ, 358ಕ್ಕೆ ಬಂದು ನಿಲ್ಲಬೇಕು. ಬ್ಯಾಂಕ್ ಪಾಸ್‌ಬುಕ್‌ಗೂ ನಮ್ಮ ಪುಸ್ತಕಕ್ಕೂ ತಾಳೆ ನೋಡುತ್ತೇವಲ್ಲ, ಅದೇ ರೀತಿ.

ಎಲ್ಲರೂ ಮೊದಲು ಸರ್ವರ್ ಗಡಿಯಾರದ ಮೇಲೆ ಅನುಮಾನ ಪಡುತ್ತಾರೆ. ನಿಜವಾಗಿಯೂ ಅದು ಕಾರಣವಾ?

ಕಾರಣ ಹೌದು, ಆದರೆ ಅಂದುಕೊಂಡಷ್ಟು ದೊಡ್ಡದಲ್ಲ.

ನಮ್ಮ ಆ್ಯಪ್‌ನ ಸರ್ವರ್ ಸಮಯವನ್ನು `UTC`ಯಲ್ಲಿ ಇಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ ಜಾವ 4 ಗಂಟೆಗೆ ಹೋಟೆಲ್‌ನವರು ಒಲೆ ಹಚ್ಚುವ ಹೊತ್ತಿಗೆ ಆರ್ಡರ್ ಹಾಕಿದರೆ, ಸರ್ವರ್‌ನಲ್ಲಿ ಅದು ಮಾರ್ಚ್ 31ರ ರಾತ್ರಿ 10:30. ಡ್ಯಾಶ್‌ಬೋರ್ಡ್ ಅದನ್ನು ಮಾರ್ಚ್‌ಗೆ ಸೇರಿಸುತ್ತದೆ. ಹಾಗೆಯೇ ಮಾರ್ಚ್ 1ರ ಬೆಳಗಿನ ಜಾವದ ಆರ್ಡರ್ ಫೆಬ್ರವರಿಗೆ ಹೋಗುತ್ತದೆ.

ಇದರಿಂದ ಬಂದ ವ್ಯತ್ಯಾಸ ಬರೀ 2. ಮೂರು ಗ್ರಾಹಕರು ಜಾಸ್ತಿ ಸೇರಿದ್ದರು, ಒಬ್ಬರು ಬಿಟ್ಟುಹೋಗಿದ್ದರು. ಯಾಕೆ ಇಷ್ಟು ಕಡಿಮೆ? ಬೆಳಗಿನ ಜಾವ ಆರ್ಡರ್ ಹಾಕುವವರು ವಾರಕ್ಕೆ ಎರಡು ಸಲ ತಗೊಳ್ಳುವ ಹೋಟೆಲ್‌ನವರು. ಅವರು ಮಾರ್ಚ್‌ನ ಬೇರೆ ದಿನಗಳಲ್ಲೂ ಹೇಗೂ ಇದ್ದೇ ಇದ್ದಾರೆ. ಒಂದು ಆರ್ಡರ್ ಆಚೆ ಈಚೆ ಆದರೂ ತಿಂಗಳ ಗ್ರಾಹಕರ ಎಣಿಕೆ ಬದಲಾಗುವುದಿಲ್ಲ. ದಿನದ ಎಣಿಕೆಯಲ್ಲಿ ಮಾತ್ರ ಇದು ತುಂಬಾ ಕಾಡುತ್ತದೆ. ಅಲ್ಲಿ ಪ್ರತಿದಿನವೂ ಬೆಳಗಿನ ಐದೂವರೆಗೆ ಮುಂಚಿನ ಆರ್ಡರ್ ಹಿಂದಿನ ದಿನಕ್ಕೆ ಬೀಳುತ್ತದೆ.

ಸರಿಪಡಿಸುವುದು ಹೀಗೆ:

```sql
WHERE order_ts >= '2025-03-01 00:00:00+05:30'
  AND order_ts <  '2025-04-01 00:00:00+05:30'
```

ಇಲ್ಲಿ ಒಂದು ಎಚ್ಚರಿಕೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ಕಾಲಮ್ `timestamptz` ಆಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಸುಮ್ನೆ `timestamp` ಆಗಿದ್ದರೆ `+05:30` ಅನ್ನುವುದನ್ನು ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರರ್ ಕೂಡ ಬರುವುದಿಲ್ಲ. ಆಗ ನಾವೇ ಐದೂವರೆ ಗಂಟೆ ಕಳೆದು, ಹಿಂದಿನ ದಿನದ `18:30:00` ಅಂತ ಬರೆಯಬೇಕು. ಬದಲಿಸಿದ ಮೇಲೆ ಬೆಳಗಿನ ಜಾವದ ಒಂದು ಆರ್ಡರ್ ಹಿಡಿದು, ಅದು ಯಾವ ದಿನಕ್ಕೆ ಬಿತ್ತು ಅಂತ ಕಣ್ಣಾರೆ ನೋಡಿ.

ಆರ್ಡರ್ ಆಗಿ ಬಿಲ್ ಆಗದೇ ಇರುವುದು ಹೇಗೆ?

ಎರಡು ರೀತಿ. ಒಂದು, ಆರ್ಡರ್ ಕ್ಯಾನ್ಸಲ್ ಆಗಿರುತ್ತದೆ. ಮಾರ್ಚ್‌ನಲ್ಲಿ 19 ಗ್ರಾಹಕರ ಎಲ್ಲಾ ಆರ್ಡರ್‌ಗಳೂ ಕ್ಯಾನ್ಸಲ್ ಆಗಿದ್ದವು. ಮೇಲಿನ ಕ್ವೆರಿ ಸ್ಟೇಟಸ್ ನೋಡದ ಕಾರಣ ಅವರೂ ಎಣಿಕೆಗೆ ಬಂದರು.

ಎರಡನೆಯದು, ಆರ್ಡರ್ ಮಾರ್ಚ್‌ನಲ್ಲಿ ಬಂದಿದೆ, ಬಿಲ್ ಏಪ್ರಿಲ್‌ನಲ್ಲಿ ಆಗಿದೆ. ಸರಕು ಮಾರುವವರು ಮಾಲು ಹೊರಡುವ ಹೊತ್ತಿಗೆ ಅಥವಾ ಅದಕ್ಕೂ ಮುಂಚೆ ಬಿಲ್ ಮಾಡಬೇಕು ಅನ್ನುವುದು ಜಿಎಸ್‌ಟಿ ನಿಯಮ. ನಮ್ಮಲ್ಲಿ ಗಾಡಿಗೆ ಲೋಡ್ ಮಾಡುವಾಗ ಬಿಲ್ ಆಗುತ್ತದೆ. ಆ ವರ್ಷ ಮಾರ್ಚ್ 30 ಭಾನುವಾರ, ಅವತ್ತೇ ಯುಗಾದಿ. ಮಾರನೇ ದಿನ ರಂಜಾನ್. ಗೋಡೌನ್ ಎರಡು ದಿನ ಬಾಗಿಲು ಹಾಕಿತ್ತು. ಶನಿವಾರ ಸಂಜೆಯಿಂದ ಬಂದ ಆರ್ಡರ್‌ಗಳ ಮಾಲು ಹೊರಟಿದ್ದು ಏಪ್ರಿಲ್‌ನಲ್ಲೇ. ಹೀಗೆ 15 ಗ್ರಾಹಕರು ಡ್ಯಾಶ್‌ಬೋರ್ಡ್‌ನ ಮಾರ್ಚ್‌ನಲ್ಲಿ ಇದ್ದಾರೆ, ಅಕೌಂಟ್ಸ್‌ನ ಮಾರ್ಚ್‌ನಲ್ಲಿ ಇಲ್ಲ.

ಇದರ ಉಲ್ಟಾ ಕೂಡ ಇರುತ್ತದೆ, ಮತ್ತು ತುಂಬಾ ಜನ ಅದನ್ನು ಮರೆಯುತ್ತಾರೆ. ಫೆಬ್ರವರಿ ಕೊನೆಗೆ ಆರ್ಡರ್ ಹಾಕಿ ಮಾರ್ಚ್‌ನಲ್ಲಿ ಬಿಲ್ ಆದವರು 11. ಅವರನ್ನು ಕೂಡಿಸಬೇಕು. ಬರೀ ಕಳೆಯುತ್ತಾ ಹೋದರೆ ಲೆಕ್ಕ 358ಕ್ಕಿಂತ ಕೆಳಗೆ ಇಳಿದುಬಿಡುತ್ತದೆ.

ಈ 15 ಮತ್ತು 11 ಯಾರ ತಪ್ಪೂ ಅಲ್ಲ. ಮುಂದಿನ ತಿಂಗಳೂ ಇರುತ್ತದೆ, ಹಬ್ಬ ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಇದನ್ನು ಮೇಲ್‌ನಲ್ಲಿ ಸ್ಪಷ್ಟವಾಗಿ ಹೇಳಿ.

ಒಬ್ಬನೇ ಗ್ರಾಹಕ ಎರಡು ಸಲ ಎಣಿಕೆಗೆ ಬಂದಿದ್ದಾನೆ ಅಂತ ಕಂಡುಹಿಡಿಯುವುದು ಹೇಗೆ?

ಇದೇ ನಮ್ಮ ಅತಿ ದೊಡ್ಡ ತಪ್ಪಾಗಿತ್ತು: 21. ಹೆಚ್ಚು ಸಮಯ ತಗೊಂಡದ್ದೂ ಇದೇ.

ಆ್ಯಪ್‌ನಲ್ಲಿ ಹೊಸ ಐಡಿ ಆಗುವುದು ಫೋನ್ ನಂಬರ್ ಮೇಲೆ. ಮಾಲೀಕರು ತಮ್ಮ ಫೋನ್‌ನಿಂದ ಒಮ್ಮೆ ಹಾಕುತ್ತಾರೆ, ಮ್ಯಾನೇಜರ್ ತನ್ನ ಫೋನ್‌ನಿಂದ ಇನ್ನೊಮ್ಮೆ ಹಾಕುತ್ತಾನೆ. ಎರಡು ಐಡಿ ಆಯಿತು. ಅದೇ ನಂಬರನ್ನೇ ಒಮ್ಮೆ `+91` ಸೇರಿಸಿ, ಒಮ್ಮೆ ಮುಂದೆ `0` ಹಾಕಿ ಕೊಟ್ಟರೂ ನಮ್ಮ ಹಳೇ ಆ್ಯಪ್‌ನಲ್ಲಿ ಬೇರೆ ಐಡಿ ಆಗುತ್ತಿತ್ತು.

ಹೆಸರು, ವಿಳಾಸ ಹೋಲಿಸಿ ಹಿಡಿಯೋಣ ಅಂದರೆ ಅಲ್ಲೂ ತೊಡಕು. ನಮ್ಮ ಊರಿನ ಹೆಸರು ಇಂಗ್ಲಿಷ್‌ನಲ್ಲಿ `Chikmagalur` ಅಂತ ಇತ್ತು. 2014ರ ನವೆಂಬರ್ 1ರಿಂದ ಅಧಿಕೃತವಾಗಿ `Chikkamagaluru` ಆಯಿತು. ಜನ ಇವತ್ತಿಗೂ ಎರಡನ್ನೂ ಬರೆಯುತ್ತಾರೆ. ಕಂಪ್ಯೂಟರ್‌ಗೆ ಅವು ಎರಡು ಊರು.

ನನಗೆ ಕೆಲಸಕ್ಕೆ ಬಂದ ದಾರಿ ಹೀಗಿದೆ. ಮೊದಲು ಫೋನ್ ನಂಬರ್‌ನ ಕೊನೆಯ ಹತ್ತು ಅಂಕಿ ಮಾತ್ರ ಇಟ್ಟುಕೊಂಡು ಹೋಲಿಸಿದೆ. ಆಮೇಲೆ ಜಿಎಸ್‌ಟಿ ನಂಬರ್ ಹೋಲಿಸಿದೆ. ಅದರಲ್ಲಿ ಒಟ್ಟು 15 ಅಕ್ಷರ, ಅಂಕಿ. ಮೊದಲ ಎರಡು ರಾಜ್ಯದ ಸಂಖ್ಯೆ, ಕರ್ನಾಟಕಕ್ಕೆ 29. ಮುಂದಿನ ಹತ್ತು ಆ ವ್ಯವಹಾರದ ಪ್ಯಾನ್ ನಂಬರ್. ಜಿಎಸ್‌ಟಿ ನಂಬರ್ ಒಂದೇ ಆಗಿದ್ದರೆ ಪಾರ್ಟಿ ಒಂದೇ ಅಂತ ಧೈರ್ಯವಾಗಿ ಹೇಳಬಹುದು. ಸಣ್ಣ ಹೋಮ್‌ಸ್ಟೇಗಳಿಗೆ ಎಷ್ಟೋ ಸಲ ಜಿಎಸ್‌ಟಿ ನಂಬರ್ ಇರುವುದಿಲ್ಲ. ಅವರದ್ದು ಮಾತ್ರ ಕೈಯಲ್ಲೇ ನೋಡಿದೆ, ಮಾಲು ತಲುಪಿಸುವ ಡ್ರೈವರ್ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು. "ಇವೆರಡೂ ಒಂದೇ ಮನೆ ಕಣಪ್ಪ, ಗೇಟ್ ಮಾತ್ರ ಬೇರೆ" ಅಂತ ಅವರು ಹೇಳಿದ್ದು ಯಾವ ಕ್ವೆರಿಯಿಂದಲೂ ಸಿಗುತ್ತಿರಲಿಲ್ಲ.

ಹೆಸರು ಒಂದೇ ಥರ ಇದೆ ಅಂತ ಮಾತ್ರ ಐಡಿಗಳನ್ನು ಸೇರಿಸಬೇಡಿ. ಈ ಕಡೆ ಒಂದೇ ದೇವರ ಹೆಸರಿನ ಹೋಟೆಲ್‌ಗಳು ಊರಿಗೆ ನಾಲ್ಕು ಸಿಗುತ್ತವೆ.

ಒಂದೇ ಹೋಟೆಲ್‌ನ ಮೂರು ಬ್ರಾಂಚ್ ಇದ್ದರೆ ಒಬ್ಬರಾ, ಮೂವರಾ?

ಇದಕ್ಕೆ ಡೇಟಾ ಉತ್ತರ ಕೊಡುವುದಿಲ್ಲ, ಮ್ಯಾನೇಜರ್ ಕೊಡಬೇಕು.

ಒಬ್ಬ ಮಾಲೀಕರಿಗೆ ಎಂ.ಜಿ. ರಸ್ತೆಯಲ್ಲಿ ಒಂದು, ಐ.ಜಿ. ರಸ್ತೆಯಲ್ಲಿ ಒಂದು, ಮೂಡಿಗೆರೆಯಲ್ಲಿ ಒಂದು ಹೋಟೆಲ್ ಇದೆ ಅಂತ ಇಟ್ಟುಕೊಳ್ಳಿ. ಆರ್ಡರ್ ಮೂರು ಕಡೆಯಿಂದ ಬರುತ್ತದೆ, ಗಾಡಿ ಮೂರು ಕಡೆ ನಿಲ್ಲುತ್ತದೆ. ಬಿಲ್ ಒಂದೇ ಲೆಡ್ಜರ್‌ಗೆ ಹೋಗುತ್ತದೆ, ಚೆಕ್ ಒಬ್ಬರೇ ಬರೆಯುತ್ತಾರೆ. ಡೆಲಿವರಿ ನೋಡುವವರಿಗೆ ಮೂರು ಅನ್ನುವುದೇ ಸರಿ. ವಸೂಲಿ ನೋಡುವವರಿಗೆ ಒಂದು ಅನ್ನುವುದೇ ಸರಿ. ನಮ್ಮಲ್ಲಿ ಹೀಗೆ ಬಂದ ವ್ಯತ್ಯಾಸ 12. ಇದನ್ನು ಮೇಲಿನ 21ರ ಜೊತೆ ಸೇರಿಸಿ "33 ಡೂಪ್ಲಿಕೇಟ್" ಅಂತ ಬರೆದರೆ ದೊಡ್ಡ ತಪ್ಪಾಗುತ್ತದೆ. ಯಾರಾದರೂ ಅದನ್ನು ನೋಡಿ ಬ್ರಾಂಚ್ ಐಡಿಗಳನ್ನು ಅಳಿಸಿದರೆ ಮೂಡಿಗೆರೆಗೆ ಹೋಗಬೇಕಾದ ಪುಡಿ ಎಂ.ಜಿ. ರಸ್ತೆಯಲ್ಲಿ ಇಳಿಯುತ್ತದೆ.

ಅಕೌಂಟ್ಸ್‌ನಲ್ಲಿ ಇದ್ದು ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲದವರೂ ಇರುತ್ತಾರಾ?

ಇರುತ್ತಾರೆ. ನಮ್ಮಲ್ಲಿ 3. ಆ್ಯಪ್ ಬಳಸದ ಹಳೇ ಗ್ರಾಹಕರು ಆಫೀಸಿಗೆ ಫೋನ್ ಮಾಡುತ್ತಾರೆ, ನೇರ ಟ್ಯಾಲಿಯಲ್ಲಿ ಬಿಲ್ ಆಗುತ್ತದೆ. ಆರ್ಡರ್ ಟೇಬಲ್‌ಗೆ ಅವರು ಬರುವುದೇ ಇಲ್ಲ.

ಕೌಂಟರ್‌ನಲ್ಲಿ ಬಿಡಿಯಾಗಿ ಕೊಳ್ಳುವವರು?

ನಾವು ಹೋಲ್‌ಸೇಲ್ ಮಾತ್ರ ಎಣಿಸಿದ್ದರಿಂದ ಈ ತೊಂದರೆ ಬರಲಿಲ್ಲ. ನಿಮ್ಮಲ್ಲಿ ಬಿಡಿ ಮಾರಾಟವೂ ಸೇರಿದ್ದರೆ ಮೊದಲು ಇದನ್ನೇ ನೋಡಿ. ಟ್ಯಾಲಿಯಲ್ಲಿ ಆ ಬಿಲ್‌ಗಳೆಲ್ಲ ಸಾಮಾನ್ಯವಾಗಿ `Cash` ಅನ್ನುವ ಒಂದೇ ಲೆಡ್ಜರ್‌ಗೆ ಹೋಗುತ್ತವೆ. ನೂರಾರು ಜನ ಅಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಆ ಭಾಗವನ್ನು ಎರಡೂ ಕಡೆಯಿಂದ ತೆಗೆದು ಹೋಲಿಸುವುದೇ ಒಳ್ಳೆಯದು.

ಒಬ್ಬ ಗ್ರಾಹಕ ಎರಡು ಕಾರಣಕ್ಕೂ ಸಿಕ್ಕಿಕೊಂಡರೆ?

ಒಳ್ಳೇ ಪ್ರಶ್ನೆ, ನಾನು ಎಡವಿದ್ದು ಇಲ್ಲೇ. ಒಂದು ಹೋಮ್‌ಸ್ಟೇಗೆ ಎರಡು ಐಡಿ ಇತ್ತು. ಅದರಲ್ಲಿ ಒಂದು ಐಡಿಯ ಆರ್ಡರ್ ಕ್ಯಾನ್ಸಲ್ ಆಗಿತ್ತು. ನಾನು ಅದನ್ನು ಕ್ಯಾನ್ಸಲ್‌ನಲ್ಲೂ ಕಳೆದೆ, ಡೂಪ್ಲಿಕೇಟ್‌ನಲ್ಲೂ ಕಳೆದೆ. ಇಂಥವು ನಾಲ್ಕೈದು ಇದ್ದವು. ಕೊನೆಗೆ ಲೆಕ್ಕ ಕೂಡಲಿಲ್ಲ.

ಯಾವ ಕಾರಣ ಮೊದಲು, ಯಾವುದು ಆಮೇಲೆ ಅಂತ ಒಂದು ಕ್ರಮ ಹಾಕಿಕೊಳ್ಳಿ. ಮೊದಲ ಕಾರಣಕ್ಕೆ ಹೊರಗೆ ಹೋದ ಐಡಿ ಆಮೇಲಿನ ಕಾರಣಗಳಿಗೆ ಸಿಗಲೇಬಾರದು. ಶೀಟ್‌ನಲ್ಲಿ "ಕಾರಣ" ಅಂತ ಒಂದೇ ಕಾಲಮ್ ಇಟ್ಟು, ಒಂದು ಐಡಿಗೆ ಒಂದೇ ಕಾರಣ ಬರೆದರೆ ಸಾಕು. ಕ್ರಮ ಬದಲಿಸಿದರೆ 19, 21 ಅನ್ನುವ ಅಂಕಿಗಳು ಸ್ವಲ್ಪ ಬದಲಾಗಬಹುದು, ಒಟ್ಟು ಮೊತ್ತ ಬದಲಾಗುವುದಿಲ್ಲ.

ಮೇಲ್ ಹೇಗೆ ಬರೆದಿರಿ? ಪೂರ್ತಿ ತೋರಿಸಬಹುದಾ?

ಖಂಡಿತ. ಮ್ಯಾನೇಜರ್ ಮೊದಲ ಎರಡು ಸಾಲು ಮಾತ್ರ ಓದಿ ಮೀಟಿಂಗ್‌ಗೆ ಹೋಗಬಹುದು ಅಂತ ಯೋಚಿಸಿ, ಉತ್ತರವನ್ನು ಮೇಲೇ ಇಟ್ಟೆ. ಕ್ವೆರಿಯನ್ನು ಮೇಲ್‌ನಲ್ಲಿ ಹಾಕಲಿಲ್ಲ.

> ವಿಷಯ: ಮಾರ್ಚ್ 2025ರ ಗ್ರಾಹಕರ ಸಂಖ್ಯೆ – 412 ಮತ್ತು 358ರ ನಡುವಿನ ವ್ಯತ್ಯಾಸ
>
> ಸರ್,
>
> ಮಾರ್ಚ್‌ನ ಮಾರಾಟದ ಬಗ್ಗೆ ಮಾತಾಡುವಾಗ ಅಕೌಂಟ್ಸ್‌ನ 358 ಬಳಸಿ. ಡ್ಯಾಶ್‌ಬೋರ್ಡ್‌ನ 412 ಆರ್ಡರ್ ಹಾಕಿದ ಐಡಿಗಳ ಲೆಕ್ಕ. ಅದರಲ್ಲಿ 23 ನಮ್ಮ ಕಡೆಯ ತಪ್ಪು.
>
> 412ರಿಂದ 358ಕ್ಕೆ ಬರುವುದು ಹೀಗೆ:
>
> | ಕಾರಣ | ಎಷ್ಟು | ಉಳಿದದ್ದು |
> |---|---|---|
> | ಡ್ಯಾಶ್‌ಬೋರ್ಡ್ | | 412 |
> | ಸರ್ವರ್ ಸಮಯದ ತಪ್ಪು | −2 | 410 |
> | ಎಲ್ಲಾ ಆರ್ಡರ್ ಕ್ಯಾನ್ಸಲ್ ಆದವರು | −19 | 391 |
> | ಮಾರ್ಚ್ ಆರ್ಡರ್, ಏಪ್ರಿಲ್ ಬಿಲ್ | −15 | 376 |
> | ಫೆಬ್ರವರಿ ಆರ್ಡರ್, ಮಾರ್ಚ್ ಬಿಲ್ | +11 | 387 |
> | ಒಬ್ಬರಿಗೇ ಎರಡು ಐಡಿ | −21 | 366 |
> | ಬ್ರಾಂಚ್ ಹಲವು, ಬಿಲ್ ಒಂದೇ ಹೆಸರಿಗೆ | −12 | 354 |
> | ಆ್ಯಪ್ ಇಲ್ಲದೆ ನೇರ ಬಿಲ್ | +3 | 357 |
> | ಇನ್ನೂ ಗೊತ್ತಾಗದ್ದು | +1 | 358 |
>
> ಸಮಯದ ತಪ್ಪನ್ನು ಇವತ್ತೇ ಸರಿ ಮಾಡಿದ್ದೇನೆ. ಎರಡು ಐಡಿ ಇರುವವರನ್ನು ಈ ವಾರ ಒಂದು ಮಾಡುತ್ತೇನೆ. ಇವೆರಡೂ ಆದ ಮೇಲೆ ಡ್ಯಾಶ್‌ಬೋರ್ಡ್ 389ರ ಆಸುಪಾಸು ತೋರಿಸುತ್ತದೆ, 358 ತೋರಿಸುವುದಿಲ್ಲ. ಉಳಿದದ್ದು ತಪ್ಪಲ್ಲ, ಎಣಿಸುವ ರೀತಿ ಬೇರೆ.
>
> ನಿಮ್ಮಿಂದ ಎರಡು ನಿರ್ಧಾರ ಬೇಕು. ಬ್ರಾಂಚ್‌ಗಳನ್ನು ಒಬ್ಬ ಗ್ರಾಹಕ ಅಂತ ಎಣಿಸಬೇಕಾ, ಬೇರೆ ಬೇರೆಯಾ? ಡ್ಯಾಶ್‌ಬೋರ್ಡ್‌ನಲ್ಲಿ "ಗ್ರಾಹಕರು" ಅನ್ನುವುದನ್ನು ತೆಗೆದು "ಆರ್ಡರ್ ಹಾಕಿದವರು", "ಬಿಲ್ ಆದ ಪಾರ್ಟಿಗಳು" ಅಂತ ಎರಡು ಅಂಕಿ ಇಡಬಹುದಾ?
>
> ಉಳಿದ ಒಂದನ್ನು ಅಕೌಂಟ್ಸ್‌ನವರ ಜೊತೆ ಹುಡುಕುತ್ತಿದ್ದೇನೆ. ಹೆಸರುಗಳ ಶೀಟ್ ಜೊತೆಗೆ ಇಟ್ಟಿದ್ದೇನೆ.
>
> ವಂದನೆಗಳು

389ರ ಮಾತು ಯಾಕೆ ಬೇಕಿತ್ತು?

ಅದನ್ನು ಬರೆಯದೇ ಇದ್ದಿದ್ದರೆ, ಸರಿ ಮಾಡಿದ ಮಾರನೇ ದಿನ ಸರ್ 389 ನೋಡಿ "ಇನ್ನೂ ಸರಿ ಆಗಿಲ್ವಲ್ಲ" ಅನ್ನುತ್ತಿದ್ದರು. 412ರಿಂದ 23 ಕಳೆದರೆ 389. "ಆಸುಪಾಸು" ಅಂತ ಬರೆದದ್ದು, ಕ್ಯಾನ್ಸಲ್ ಆದ ಐಡಿಗಳಲ್ಲೂ ಕೆಲವು ಡೂಪ್ಲಿಕೇಟ್ ಇದ್ದದ್ದರಿಂದ. ಐಡಿಗಳನ್ನು ಒಂದು ಮಾಡಿದಾಗ ಇನ್ನೂ ನಾಲ್ಕೈದು ಕಡಿಮೆ ಆಗಬಹುದಿತ್ತು.

ಅಕೌಂಟ್ಸ್‌ನವರನ್ನು ಮೇಲ್‌ನಲ್ಲಿ ಸೇರಿಸಬೇಕಾ?

ಸೇರಿಸಿ, ಆದರೆ ಕಳಿಸುವ ಮುಂಚೆ ಅವರಿಗೆ ತೋರಿಸಿ. ನಮ್ಮ ಅಕೌಂಟ್ಸ್ ಮೇಡಂ ನನ್ನ ಮೊದಲ ಪ್ರತಿ ನೋಡಿ, "ನೇರ ಬಿಲ್ ಮಾಡಿದ್ದು ನಮ್ಮ ತಪ್ಪು ಅನ್ನೋ ಥರ ಬರೆದಿದ್ದೀರಲ್ಲ" ಅಂದರು. ಅವರ ಮಾತು ಸರಿ ಇತ್ತು. ಹಳೇ ಗ್ರಾಹಕರಿಗೆ ಫೋನ್‌ನಲ್ಲಿ ಮಾಲು ಕೊಡುವುದು ಕಂಪನಿಯೇ ಒಪ್ಪಿದ ಪದ್ಧತಿ. ಆ ಸಾಲು ಬದಲಿಸಿದೆ.

ಪ್ರತಿದಿನದ ಗ್ರಾಹಕರನ್ನು ಕೂಡಿಸಿದರೆ ತಿಂಗಳ ಸಂಖ್ಯೆ ಬರಬೇಕಲ್ವಾ?

ಬರುವುದಿಲ್ಲ. ಸೋಮವಾರ ಬಂದ ಹೋಟೆಲ್ ಗುರುವಾರವೂ ಬರುತ್ತದೆ. ದಿನದ ಲೆಕ್ಕದಲ್ಲಿ ಎರಡು, ತಿಂಗಳ ಲೆಕ್ಕದಲ್ಲಿ ಒಂದು. ರೂಪಾಯಿಯನ್ನು ದಿನ ದಿನ ಕೂಡಿಸಬಹುದು, ಗ್ರಾಹಕರನ್ನು ಹಾಗೆ ಕೂಡಿಸಲು ಬರುವುದಿಲ್ಲ.

ಗೊತ್ತಾಗದ ಒಂದನ್ನು ಹಾಗೇ ತೋರಿಸಿದ್ದು ಸರಿನಾ? ಯಾವುದಾದರೂ ಕಾರಣದೊಳಗೆ ಸೇರಿಸಬಹುದಿತ್ತಲ್ಲ?

ಸೇರಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಶೀಟ್‌ನಲ್ಲಿ ಒಂದೊಂದು ಹೆಸರಿನ ಮುಂದೆಯೂ ಕಾರಣ ಇದೆ. ಇಲ್ಲದ ಹೆಸರನ್ನು ಎಲ್ಲಿಂದ ತರುವುದು? ಮತ್ತೆ, ಉಳಿದದ್ದು ಒಂದೇ ಅಂದರೂ ಅದರ ಹಿಂದೆ ಎಷ್ಟು ಇದೆಯೋ ಹೇಳಲಾಗದು. ಐದು ಜಾಸ್ತಿ, ನಾಲ್ಕು ಕಡಿಮೆ ಸೇರಿಯೂ ಒಂದು ಆಗುತ್ತದೆ.

ಎರಡು ದಿನ ಆದ ಮೇಲೆ ಅಕೌಂಟ್ಸ್ ಮೇಡಂ ಅವರೇ ಅದನ್ನು ಹಿಡಿದರು. ಮಲ್ಲಂದೂರು ಕಡೆಯ ಒಂದು ಹೋಮ್‌ಸ್ಟೇ ಮಾರ್ಚ್ ಮಧ್ಯದಲ್ಲಿ ಗಂಡನ ಹೆಸರಿನಿಂದ ಹೆಂಡತಿಯ ಹೆಸರಿಗೆ ಬದಲಾಗಿತ್ತು. ಟ್ಯಾಲಿಯಲ್ಲಿ ಎರಡು ಲೆಡ್ಜರ್, ಎರಡರಲ್ಲೂ ಮಾರ್ಚ್ ಬಿಲ್. ಆ್ಯಪ್‌ನಲ್ಲಿ ಮಾತ್ರ ಐಡಿ ಒಂದೇ, ಫೋನ್ ನಂಬರ್ ಬದಲಾಗಿರಲಿಲ್ಲ. ಅದೇ ಮೇಲ್‌ಗೆ ಎರಡು ಸಾಲಿನ ಉತ್ತರ ಬರೆದು, ಟೇಬಲ್‌ನ ಕೊನೆಯ ಸಾಲಿನಲ್ಲಿ "ಇನ್ನೂ ಗೊತ್ತಾಗದ್ದು" ಅನ್ನುವುದನ್ನು "ಒಂದೇ ಹೋಮ್‌ಸ್ಟೇಗೆ ಎರಡು ಲೆಡ್ಜರ್" ಅಂತ ಬದಲಿಸಿ ಕಳಿಸಿದೆ.